ಬಿಡಿಭಾಗಗಳಿಂದ ಕ್ವಾಡ್‌ಕಾಪ್ಟರ್ ಕಟ್ಟುವಾಗ ಮೋಟಾರ್, ಪ್ರೊಪೆಲ್ಲರ್, ಬ್ಯಾಟರಿ ಆರಿಸುವುದು ಹೇಗೆ?

ಕ್ವಾಡ್‌ಕಾಪ್ಟರ್ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಮೋಟಾರ್ ಕೊಳ್ಳುತ್ತಾರೆ. ಬೆಂಗಳೂರಿನ ಎಸ್‌ಪಿ ರೋಡ್ ಅಂಗಡಿಗಳಲ್ಲಿ ಕೇಳಿ, ಆನ್‌ಲೈನ್‌ನಲ್ಲಿ ಹುಡುಕಿ, ಎ2212 ಅನ್ನುವ ಮೋಟಾರ್ ಎಲ್ಲ ಕಡೆ ಸಿಗುತ್ತದೆ. ಅದರಲ್ಲೇ 930, 1000, 1400, 2200 ಕೆವಿ ಅಂತ ಬೇರೆ ಬೇರೆ ಬಗೆ. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ. ಸಂಖ್ಯೆ ದೊಡ್ಡದಿದ್ದರೆ ಶಕ್ತಿಯೂ ಜಾಸ್ತಿ ಇರಬೇಕು ಅಂತ ಅನ್ನಿಸುತ್ತದೆ ಅಲ್ವಾ? ಹಾಗಂದುಕೊಂಡು 2200 ಕೆವಿ ಮೋಟಾರಿಗೆ 10 ಇಂಚಿನ ಪ್ರೊಪೆಲ್ಲರ್ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ವಾರ್ನಿಷ್ ಸುಟ್ಟ ವಾಸನೆ ಬರುತ್ತದೆ. ಆ ಮೋಟಾರ್ ಇರುವುದು 6 ಇಂಚಿನ ಆಸುಪಾಸಿನ ಪ್ರೊಪೆಲ್ಲರ್ ತಿರುಗಿಸುವ ಪುಟ್ಟ ವಿಮಾನಗಳಿಗೆ.

ಆರಿಸುವ ಕ್ರಮ ಬೇರೆಯೇ ಇದೆ. ಮೊದಲು ತೂಕ, ಆಮೇಲೆ ಪ್ರೊಪೆಲ್ಲರ್, ಅದಕ್ಕೆ ತಕ್ಕ ಮೋಟಾರ್, ಕೊನೆಗೆ ಬ್ಯಾಟರಿ. ಬ್ಯಾಟರಿ ಆರಿಸಿದ ಮೇಲೆ ತೂಕ ಬದಲಾಗುತ್ತದೆ, ಹಾಗಾಗಿ ಮತ್ತೆ ಮೊದಲ ಲೆಕ್ಕಕ್ಕೆ ಹೋಗಬೇಕು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್‌ಗಳಲ್ಲಿ ಹೆಚ್ಚಾಗಿ ಕಾಣುವ 450 ಮಿಲಿಮೀಟರ್ ಫ್ರೇಮ್ ಇಟ್ಟುಕೊಂಡು ಇದನ್ನು ಪೂರ್ತಿ ಮಾಡಿ ನೋಡೋಣ. ನಿಧಾನವಾಗಿ, ಸ್ಥಿರವಾಗಿ ಹಾರಬೇಕು. ಒಂದು ಜಾಗದಲ್ಲಿ ನಿಲ್ಲಬೇಕು. ಮುಂದೆ ಒಂದು ಚಿಕ್ಕ ಕ್ಯಾಮೆರಾ ಹೊರುವಂತಿರಬೇಕು. ರೇಸ್ ಓಡಿಸುವವರ ಲೆಕ್ಕ ಬೇರೆ, ಅದು ಇಲ್ಲಿ ಬೇಡ.

1. ತೂಕ ಬರೆದುಕೊಳ್ಳಿ

ಒಂದೂ ಭಾಗ ಕೊಳ್ಳುವ ಮೊದಲು ಒಂದು ಹಾಳೆಯಲ್ಲಿ ಎಲ್ಲದರ ತೂಕ ಬರೆಯಿರಿ. ಮಾರುವವರ ಪುಟದಲ್ಲಿ ತೂಕ ಇರುತ್ತದೆ. ಇಲ್ಲದಿದ್ದರೆ ಅಂಗಡಿಯಲ್ಲೇ ತೂಗಿ ಕೊಡಿ ಅಂತ ಕೇಳಿ. ನಮ್ಮ 450 ಫ್ರೇಮಿನ ಲೆಕ್ಕ ಹೆಚ್ಚುಕಡಿಮೆ ಹೀಗಾಗುತ್ತದೆ:

- ಫ್ರೇಮ್: 280 ಗ್ರಾಂ
- ನಾಲ್ಕು ಮೋಟಾರ್, ಪ್ರೊಪೆಲ್ಲರ್ ಕೂರಿಸುವ ಅಡಾಪ್ಟರ್ ಸೇರಿ: 220 ಗ್ರಾಂ
- ಮೋಟಾರಿನ ವೇಗ ಹಿಡಿತದಲ್ಲಿಡುವ ನಾಲ್ಕು ಇಎಸ್‌ಸಿ: 100 ಗ್ರಾಂ
- ನಾಲ್ಕು ಪ್ರೊಪೆಲ್ಲರ್: 40 ಗ್ರಾಂ
- ಫ್ಲೈಟ್ ಕಂಟ್ರೋಲರ್, ಪವರ್ ಮಾಡ್ಯೂಲ್: 60 ಗ್ರಾಂ
- ಜಿಪಿಎಸ್, ರಿಸೀವರ್: 45 ಗ್ರಾಂ
- ವೈರು, ಸ್ಕ್ರೂ, ಪಟ್ಟಿ, ಕಾಲು: 75 ಗ್ರಾಂ

ಒಟ್ಟು 820 ಗ್ರಾಂ. ಇದಕ್ಕೆ ಬ್ಯಾಟರಿ ಸೇರಬೇಕು. 3ಎಸ್, ಅಂದರೆ ಮೂರು ಸೆಲ್ ಇರುವ 2200 ಎಂಎಎಚ್ ಲಿಪೋ ಬ್ಯಾಟರಿ ಸುಮಾರು 180 ಗ್ರಾಂ. ಸದ್ಯಕ್ಕೆ ಅದನ್ನೇ ಹಿಡಿಯೋಣ. ಅಲ್ಲಿಗೆ ಸರಿಯಾಗಿ 1000 ಗ್ರಾಂ.

ಪಟ್ಟಿಯ ಕೊನೆಯ ಸಾಲನ್ನು ಯಾರೂ ಬರೆಯುವುದಿಲ್ಲ. ವೈರು, ಸ್ಕ್ರೂ ಎಷ್ಟು ತೂಗೀತು ಅಂತ ಬಿಟ್ಟುಬಿಡುತ್ತಾರೆ. ಆದರೆ ದಪ್ಪ ಸಿಲಿಕಾನ್ ವೈರು, ಕನೆಕ್ಟರ್, ಕೇಬಲ್ ಟೈ, ಬ್ಯಾಟರಿ ಬೆಲ್ಟ್ ಎಲ್ಲ ಸೇರಿದರೆ ಒಂದು ಮೋಟಾರಿಗಿಂತ ಜಾಸ್ತಿ ತೂಕ ಆಗುತ್ತದೆ.

ತೂಕಕ್ಕೆ ಇನ್ನೊಂದು ಸಂಬಂಧವೂ ಇದೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೋ, ಅದರಿಂದ ಮೇಲೆ 2 ಕಿಲೋವರೆಗೆ ಮೈಕ್ರೋ. ಹಾರಾಟಕ್ಕೆ ಸಿದ್ಧವಾದ ಪೂರ್ತಿ ತೂಕ ಲೆಕ್ಕಕ್ಕೆ ಬರುತ್ತದೆ, ಬ್ಯಾಟರಿ ತೆಗೆದು ತೂಗುವ ಹಾಗಿಲ್ಲ. ನಮ್ಮದು ಮೈಕ್ರೋ. ಹಾರಿಸುವ ಮೊದಲು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಹಸಿರು ವಲಯದಲ್ಲಿದೆಯೇ ಅಂತ ನೋಡಿಕೊಳ್ಳಿ.

2. ಫ್ರೇಮಿಗೆ ಹಿಡಿಸುವ ದೊಡ್ಡ ಪ್ರೊಪೆಲ್ಲರ್ ಯಾವುದು?

ಅಷ್ಟೇ ತೂಕವನ್ನು ಎರಡು ರೀತಿಯಲ್ಲಿ ಎತ್ತಬಹುದು. ಚಿಕ್ಕ ಪ್ರೊಪೆಲ್ಲರ್ ಹಾಕಿ ಸ್ವಲ್ಪ ಗಾಳಿಯನ್ನು ಜೋರಾಗಿ ಕೆಳಗೆ ತಳ್ಳಬಹುದು. ಇಲ್ಲವೇ ದೊಡ್ಡದು ಹಾಕಿ ಜಾಸ್ತಿ ಗಾಳಿಯನ್ನು ನಿಧಾನವಾಗಿ ತಳ್ಳಬಹುದು. ಎರಡನೆಯದಕ್ಕೆ ಕಡಿಮೆ ಕರೆಂಟ್ ಸಾಕು. ಹೆಚ್ಚು ಹೊತ್ತು ಗಾಳಿಯಲ್ಲಿ ನಿಲ್ಲಬೇಕು ಅನ್ನುವವರಿಗೆ ಫ್ರೇಮಿನಲ್ಲಿ ಹಿಡಿಸುವಷ್ಟು ದೊಡ್ಡ ಪ್ರೊಪೆಲ್ಲರೇ ಒಳ್ಳೆಯದು.

ಎಷ್ಟು ಹಿಡಿಸುತ್ತದೆ ಅಂತ ಅಳೆಯುವುದು ಸುಲಭ. 450 ಅಂದರೆ ಎದುರುಬದುರು ಮೋಟಾರುಗಳ ನಡುವಿನ ಓರೆ ಅಳತೆ, ಮಿಲಿಮೀಟರಿನಲ್ಲಿ. ಅಕ್ಕಪಕ್ಕದ ಮೋಟಾರುಗಳ ನಡುವಿನ ದೂರ ಬೇಕಿದ್ದರೆ ಅದನ್ನು 1.414ರಿಂದ ಭಾಗಿಸಿ. ಸುಮಾರು 318 ಮಿಲಿಮೀಟರ್ ಬರುತ್ತದೆ. 10 ಇಂಚಿನ ಪ್ರೊಪೆಲ್ಲರ್ 254 ಮಿಲಿಮೀಟರ್. ಎರಡು ಪ್ರೊಪೆಲ್ಲರ್ ತುದಿಗಳ ನಡುವೆ 64 ಮಿಲಿಮೀಟರ್ ಜಾಗ ಉಳಿಯುತ್ತದೆ, ಸಾಕು. 12 ಇಂಚು ಹಾಕಿದರೆ ಉಳಿಯುವುದು ಬರೀ 13 ಮಿಲಿಮೀಟರ್. ಪ್ಲಾಸ್ಟಿಕ್ ತೋಳು ಸ್ವಲ್ಪ ಬಾಗಿದರೂ ಒಂದಕ್ಕೊಂದು ತಾಗುವ ಭಯ. ಹಾಗಾಗಿ ಈ ಫ್ರೇಮಿಗೆ 10 ಇಂಚು ಅಂತ ಗಟ್ಟಿ ಮಾಡಿಕೊಳ್ಳೋಣ.

ಪ್ರೊಪೆಲ್ಲರ್ ಮೇಲೆ 1045 ಅಂತ ಬರೆದಿದ್ದರೆ 10 ಇಂಚು ಅಗಲ, 4.5 ಇಂಚು ಪಿಚ್ ಅಂತ ಅರ್ಥ. ಪಿಚ್ ಅಂದರೆ ಒಂದು ಸುತ್ತಿಗೆ ಅದು ಎಷ್ಟು ಮುಂದೆ ಹೋಗಲು ನೋಡುತ್ತದೆ ಅನ್ನುವುದು. ಒಂದೆಡೆ ನಿಲ್ಲುವ ಕ್ವಾಡ್‌ಗೆ 4 ರಿಂದ 5 ಇಂಚಿನ ಪಿಚ್ ಸರಿಹೋಗುತ್ತದೆ. ಎರಡು ಬಲಸುತ್ತಿನವು, ಎರಡು ಎಡಸುತ್ತಿನವು ಬೇಕು, ಅದನ್ನು ಮರೆಯದೆ ಜೋಡಿಯಾಗಿ ತನ್ನಿ. ಮುರಿಯುವುದು ಖಂಡಿತ, ಒಂದು ಜೋಡಿ ಹೆಚ್ಚಿಗೆ ಇರಲಿ.

3. ಆ ಪ್ರೊಪೆಲ್ಲರ್ ತಿರುಗಿಸುವ ಮೋಟಾರ್

2212 ಅಂದರೆ ಒಳಗಿನ ಸ್ಟೇಟರ್ 22 ಮಿಲಿಮೀಟರ್ ಅಗಲ, 12 ಮಿಲಿಮೀಟರ್ ಎತ್ತರ. ಮೋಟಾರಿನ ದುಡಿಯುವ ತಾಕತ್ತು ಹೆಚ್ಚಾಗಿ ಈ ಗಾತ್ರದ ಮೇಲೆ ನಿಂತಿದೆ, ಕೆವಿ ಮೇಲೆ ಅಲ್ಲ. ಕೆವಿ ಹೇಳುವುದು ಇಷ್ಟೇ: ಪ್ರೊಪೆಲ್ಲರ್ ಇಲ್ಲದೆ ಒಂದು ವೋಲ್ಟ್ ಕೊಟ್ಟರೆ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ. 1000 ಕೆವಿ ಮೋಟಾರಿಗೆ 11.1 ವೋಲ್ಟ್ ಕೊಟ್ಟರೆ 11,100 ಸುತ್ತು. ಪ್ರೊಪೆಲ್ಲರ್ ಹಾಕಿದ ಮೇಲೆ ಅದರಿಂದ ಸಾಕಷ್ಟು ಕೆಳಗೆ ಇಳಿಯುತ್ತದೆ.

ಈ ನಾಲ್ಕು ಬಗೆಯ ಎ2212 ಒಳಗೆ ಬದಲಾಗುವುದು ತಂತಿಯ ಸುತ್ತುಗಳು. 1000 ಕೆವಿಯದರ ಮೇಲೆ 13ಟಿ ಅಂತ ಇರುತ್ತದೆ, ಅಂದರೆ 13 ಸುತ್ತು. 1400ರದ್ದು 10 ಸುತ್ತು, 2200ರದ್ದು 6 ಸುತ್ತು. ಸುತ್ತನ್ನು ಕೆವಿಯಿಂದ ಗುಣಿಸಿ ನೋಡಿ, ಎಲ್ಲದಕ್ಕೂ 13,000-14,000 ಬರುತ್ತದೆ. ಅದೇ ಕಬ್ಬಿಣ, ಅದೇ ಮ್ಯಾಗ್ನೆಟ್. ಸುತ್ತು ಕಡಿಮೆಯಾದಷ್ಟೂ ವೇಗ ಜಾಸ್ತಿ, ಆದರೆ ಪ್ರತಿ ಆಂಪ್‌ಗೆ ತಿರುಚುವ ಬಲ ಕಡಿಮೆ. 10 ಇಂಚಿನ ಪ್ರೊಪೆಲ್ಲರಿಗೆ ಬೇಕಿರುವುದು ತಿರುಚುವ ಬಲ.

ತಪ್ಪು ಕೆವಿ ಹಾಕಿದರೆ ಎಷ್ಟು ಕೆಡುತ್ತದೆ ಅನ್ನುವುದಕ್ಕೆ ಎರಡು ನಿಯಮ ತಿಳಿದಿದ್ದರೆ ಸಾಕು. ಪ್ರೊಪೆಲ್ಲರಿನ ಎತ್ತುವ ಬಲ ವೇಗದ ವರ್ಗದಷ್ಟು ಏರುತ್ತದೆ. ಅದು ನುಂಗುವ ವಿದ್ಯುತ್ ವೇಗದ ಘನದಷ್ಟು ಏರುತ್ತದೆ. 1000ದ ಬದಲು 1400 ಕೆವಿ ಹಾಕಿ ಅದೇ 1045 ತಿರುಗಿಸಲು ಹೋದರೆ, ವೇಗ 1.4 ಪಟ್ಟು ಆಗಲು ನೋಡುತ್ತದೆ. ಅದಕ್ಕೆ 2.7 ಪಟ್ಟು ವಿದ್ಯುತ್ ಬೇಕು. 1000 ಕೆವಿ ಮೋಟಾರ್ ಪೂರ್ತಿ ಥ್ರಾಟಲ್‌ನಲ್ಲಿ ಸುಮಾರು 10 ಆಂಪ್ ಎಳೆಯುತ್ತದೆ. ಈ ಗಾತ್ರದ ಮೋಟಾರ್ ಸ್ವಲ್ಪ ಹೊತ್ತು ತಡೆಯುವುದೇ 12 ಆಂಪ್ ಆಸುಪಾಸು. 1400 ಕೆವಿ 27 ಆಂಪ್‌ನತ್ತ ಹೊರಡುತ್ತದೆ. ಭಾರಕ್ಕೆ ವೇಗ ಕುಸಿಯುವುದರಿಂದ ಪೂರ್ತಿ ಅಲ್ಲಿಗೆ ಮುಟ್ಟುವುದಿಲ್ಲ ನಿಜ. ಆದರೆ ಮಧ್ಯದಲ್ಲೇ ಸುರುಳಿ ಸುಡುತ್ತದೆ. 30 ಆಂಪ್ ಇಎಸ್‌ಸಿ ಹಾಕಿದ್ದೇನಲ್ಲ ಅಂತ ಧೈರ್ಯವಾಗಿರಬೇಡಿ. ಇಎಸ್‌ಸಿ ಉಳಿಯುತ್ತದೆ, ಮೋಟಾರ್ ಹೋಗುತ್ತದೆ.

ಹಾಗಾದರೆ 1400 ಕೆವಿಗೆ ಚಿಕ್ಕ ಪ್ರೊಪೆಲ್ಲರ್ ಹಾಕಬಹುದಲ್ಲ? ಹಾಕಬಹುದು. 8 ಇಂಚು ಹಾಕಿದರೆ ಮೋಟಾರ್ ಉಳಿಯುತ್ತದೆ. ಆದರೆ ಲೆಕ್ಕ ಹಾಕಿದರೆ 10 ಇಂಚಿನ ಜೋಡಿಗಿಂತ ಎತ್ತುವ ಬಲ ನೂರರಲ್ಲಿ ಸುಮಾರು 20 ಭಾಗ ಕಡಿಮೆ ಬರುತ್ತದೆ, ವಿದ್ಯುತ್ ಉಳಿಯುವುದು 10 ಭಾಗ ಮಾತ್ರ. ಗಾಳಿಯನ್ನು ಜೋರಾಗಿ ತಳ್ಳಿದ್ದಕ್ಕೆ ತೆತ್ತ ಬೆಲೆ ಅದು. ಬ್ಯಾಟರಿಯನ್ನು 3ಎಸ್‌ನಿಂದ 4ಎಸ್‌ಗೆ ಏರಿಸುವುದೂ ಕೆವಿ ಏರಿಸಿದ ಹಾಗೇ. 1000 ಕೆವಿ, 1045 ಜೋಡಿಗೆ 4ಎಸ್ ಕೊಟ್ಟರೆ ಮೋಟಾರ್ 18 ಆಂಪ್‌ನತ್ತ ಹೋಗುತ್ತದೆ. ಅದೂ ಬೇಡ.

ನಮ್ಮ ತೀರ್ಮಾನ: 2212 ಗಾತ್ರ, 930 ಅಥವಾ 1000 ಕೆವಿ, 1045, 3ಎಸ್. ಇಎಸ್‌ಸಿ 20 ಆಂಪ್ ಸಾಕು. 30 ಆಂಪಿನದು ಸುಲಭಕ್ಕೆ ಸಿಕ್ಕರೆ ಅದನ್ನೇ ತನ್ನಿ, ತೊಂದರೆಯಿಲ್ಲ.

4. ಅಡುಗೆಮನೆ ತಕ್ಕಡಿಯಲ್ಲಿ ಒಂದು ಪರೀಕ್ಷೆ

ಕಾಗದದ ಮೇಲೆ ಈ ಜೋಡಿ 800 ಗ್ರಾಂ ಎತ್ತುತ್ತದೆ ಅಂತ ಬರೆದಿರುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತಿರಹತ್ತಿರ 10 ಭಾಗ ತೆಳು. ಎತ್ತುವ ಬಲವೂ ಅಷ್ಟೇ ಇಳಿಯುತ್ತದೆ. ಹಾಗಾಗಿ 720 ಗ್ರಾಂ ಅಂತ ಹಿಡಿಯುವುದು ಒಳ್ಳೆಯದು. ಇನ್ನೂ ಒಳ್ಳೆಯದು, ನಿಮ್ಮ ಮೋಟಾರ್ ಎಷ್ಟು ಎತ್ತುತ್ತದೆ ಅಂತ ನೀವೇ ನೋಡುವುದು. ಕೊಂಡ ನಾಲ್ಕರಲ್ಲಿ ಒಂದು ಮೋಟಾರ್ ಸಾಕು.

ಒಂದು ಅಡಿ ಎತ್ತರದ ಮರದ ತುಂಡಿನ ತುದಿಗೆ ಮೋಟಾರನ್ನು ಸ್ಕ್ರೂ ಹಾಕಿ ಬಿಗಿಯಿರಿ. ತುಂಡನ್ನು ಅಗಲವಾದ ಹಲಗೆಗೆ ಜೋಡಿಸಿ, ಅದನ್ನು 5 ಕಿಲೋ ಡಿಜಿಟಲ್ ತಕ್ಕಡಿ ಮೇಲೆ ಇಡಿ. ಅಲ್ಲಾಡದಂತೆ ಹಲಗೆಯ ಮೇಲೆ ಒಂದೆರಡು ಭಾರದ ಕಬ್ಬಿಣದ ತುಂಡು ಕಟ್ಟಿ, ಆಮೇಲೆ ತಕ್ಕಡಿಯನ್ನು ಸೊನ್ನೆಗೆ ತನ್ನಿ. ಪ್ರೊಪೆಲ್ಲರನ್ನು ತಲೆಕೆಳಗು ಮಾಡಿ ಕೂರಿಸಿ. 1045 ಅಂತ ಅಕ್ಷರ ಇರುವ ಮುಖ ಮೋಟಾರಿನ ಕಡೆಗಿರಲಿ. ಮೋಟಾರಿನ ಮೂರು ವೈರಿನಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ ತಿರುಗುವ ದಿಕ್ಕು ತಿರುವಿಹಾಕಿ. ಈಗ ಗಾಳಿ ಮೇಲಕ್ಕೆ ಹೋಗುತ್ತದೆ, ಮೋಟಾರ್ ತಕ್ಕಡಿಯನ್ನು ಕೆಳಕ್ಕೆ ಒತ್ತುತ್ತದೆ. ಹೀಗೇಕೆ ಅಂದರೆ, ಮಾಮೂಲಿ ರೀತಿಯಲ್ಲಿ ಕೂರಿಸಿದರೆ ಗಾಳಿ ತಕ್ಕಡಿಗೇ ಬಡಿದು ಅಂಕಿ ಸುಳ್ಳಾಗುತ್ತದೆ.

ಬ್ಯಾಟರಿಗೂ ಇಎಸ್‌ಸಿಗೂ ನಡುವೆ ವಾಟ್ ಮೀಟರ್ ಸೇರಿಸಿ. ಥ್ರಾಟಲ್ ಕೊಡಲು ಸರ್ವೋ ಟೆಸ್ಟರ್ ಸಾಕು. ಉದ್ದ ವೈರು ಹಾಕಿ ದೂರ ಕೂತುಕೊಳ್ಳಿ. ಪ್ರೊಪೆಲ್ಲರ್ ತಿರುಗುವ ಮಟ್ಟಕ್ಕೆ ನಿಮ್ಮ ಮುಖ ಬರಬಾರದು, ಮುರಿದರೆ ಚೂರು ಹಾರುವುದು ಆ ಮಟ್ಟದಲ್ಲೇ. ಕನ್ನಡಕ ಹಾಕಿಕೊಳ್ಳಿ. ತಕ್ಕಡಿ 250 ಗ್ರಾಂ ತೋರಿಸುವವರೆಗೆ ನಿಧಾನವಾಗಿ ಏರಿಸಿ, ಆಂಪ್ ಬರೆದುಕೊಳ್ಳಿ. 1000 ಗ್ರಾಂ ಕ್ವಾಡ್ ಗಾಳಿಯಲ್ಲಿ ನಿಂತಾಗ ಒಂದೊಂದು ಮೋಟಾರ್ ಹೊರುವುದು ಇಷ್ಟೇ. ಈ ಜೋಡಿಗೆ ಸುಮಾರು 3 ಆಂಪ್ ಬರಬೇಕು. ಆಮೇಲೆ ಕೆಲವೇ ಸೆಕೆಂಡ್ ಪೂರ್ತಿ ಥ್ರಾಟಲ್ ಕೊಟ್ಟು ಗ್ರಾಂ ಮತ್ತು ಆಂಪ್ ನೋಡಿ.

ಪೂರ್ತಿ ಥ್ರಾಟಲ್‌ನಲ್ಲಿ ನಾಲ್ಕೂ ಸೇರಿ ಕ್ವಾಡ್‌ನ ತೂಕದ ಎರಡು ಪಟ್ಟಾದರೂ ಎತ್ತಬೇಕು. ಅರ್ಧ ಬಲ ಬರೀ ನಿಲ್ಲುವುದಕ್ಕೆ ಹೋಗುತ್ತದೆ. ಗಾಳಿ ಬೀಸಿದಾಗ ತಡೆದುಕೊಳ್ಳಲು, ಇಳಿಯುವಾಗ ಹಿಡಿತ ಸಿಗಲು, ಬ್ಯಾಟರಿ ಖಾಲಿಯಾಗುತ್ತಾ ಬಂದಾಗ ಬಲ ಕುಗ್ಗುವುದಕ್ಕೆ ಉಳಿದರ್ಧ ಬೇಕು. ನಮ್ಮದು 720ನ್ನು ನಾಲ್ಕರಿಂದ ಗುಣಿಸಿದರೆ 2,880 ಗ್ರಾಂ. 1 ಕಿಲೋ ಕ್ವಾಡ್‌ಗೆ ಧಾರಾಳ.

5. ಬ್ಯಾಟರಿ ಎಷ್ಟು ದೊಡ್ಡದಿರಬೇಕು?

ನಿಂತಾಗ ಒಂದು ಮೋಟಾರಿಗೆ 3 ಆಂಪ್, ನಾಲ್ಕಕ್ಕೆ 12. ಲಿಪೋವನ್ನು ಪೂರ್ತಿ ಖಾಲಿ ಮಾಡಿದರೆ ಹಾಳಾಗುತ್ತದೆ, ನೂರರಲ್ಲಿ 80 ಭಾಗ ಬಳಸಿ ಇಳಿಸಬೇಕು. ಲೆಕ್ಕ ಹೀಗೆ:

```
ನಿಮಿಷ = (mAh ÷ 1000) × 0.8 ÷ ಆಂಪ್ × 60
2200 mAh : 2.2 × 0.8 ÷ 12 × 60 = 8.8
```

ಅಂದರೆ 8-9 ನಿಮಿಷ. ಸಾಲದು ಅನ್ನಿಸುತ್ತದೆ. 5200 ಹಾಕೋಣ. ಅದು ಸುಮಾರು 370 ಗ್ರಾಂ ತೂಗುತ್ತದೆ, ಕ್ವಾಡ್ 1190 ಗ್ರಾಂ ಆಗುತ್ತದೆ. ತೂಕ 1.19 ಪಟ್ಟಾದರೆ ಕರೆಂಟ್ ಅಷ್ಟಕ್ಕೇ ನಿಲ್ಲುವುದಿಲ್ಲ, ಸುಮಾರು 1.3 ಪಟ್ಟು ಆಗುತ್ತದೆ. ತೂಕದ ಒಂದೂವರೆ ಘಾತದಷ್ಟು ವಿದ್ಯುತ್ ಬೇಕಾಗುವುದರಿಂದ ಹೀಗೆ. 12 ಆಂಪ್ ಈಗ 15.6 ಆಯಿತು. ಹಾರಾಟ 16 ನಿಮಿಷ. ಸಾಮರ್ಥ್ಯ 2.4 ಪಟ್ಟು ಹೆಚ್ಚಾಯಿತು, ಸಮಯ 1.8 ಪಟ್ಟು. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಇನ್ನೂ ಮುಂದೆ ಹೋಗಿ 10,000 ಎಂಎಎಚ್ ಹಾಕಿದರೆ? ಬ್ಯಾಟರಿಯೇ 700 ಗ್ರಾಂ, ಒಟ್ಟು 1520. ಕರೆಂಟ್ 22.5 ಆಂಪ್. ಸಮಯ 21 ನಿಮಿಷ. ಬ್ಯಾಟರಿ ಹತ್ತಿರಹತ್ತಿರ ಎರಡು ಪಟ್ಟಾಯಿತು, ಸಿಕ್ಕಿದ್ದು 5 ನಿಮಿಷ. ಇದರ ಜೊತೆ ಎತ್ತುವ ಬಲ ತೂಕದ 1.9 ಪಟ್ಟಿಗೆ ಇಳಿಯಿತು, ನಮ್ಮ ಎರಡು ಪಟ್ಟಿನ ಗೆರೆಯ ಕೆಳಗೆ. ಕ್ಯಾಮೆರಾ ಹಾಕಲು ಜಾಗವೇ ಉಳಿಯಲಿಲ್ಲ. ನಾನಾದರೆ ಈ ಫ್ರೇಮಿಗೆ 5200ರಲ್ಲೇ ನಿಲ್ಲುತ್ತೇನೆ. 100 ಗ್ರಾಂ ಕ್ಯಾಮೆರಾ ಸೇರಿದರೂ 2.2 ಪಟ್ಟು ಇರುತ್ತದೆ. ಮೊದಲು ಹಾರಿಸಲು ಕಲಿಯುವವರಿಗೆ ಮಾತ್ರ ಎರಡು 2200 ಬ್ಯಾಟರಿ ವಾಸಿ. ಹಗುರವಾದ ಕ್ವಾಡ್ ಬಿದ್ದರೆ ಮುರಿಯುವುದೂ ಕಡಿಮೆ.

ಇನ್ನು ಸಿ ರೇಟಿಂಗ್. 2200 ಎಂಎಎಚ್, 30ಸಿ ಅಂದರೆ 2.2ನ್ನು 30ರಿಂದ ಗುಣಿಸಿ 66 ಆಂಪ್ ಕೊಡಬಲ್ಲದು ಅಂತ ಹೇಳಿಕೆ. ನಮಗೆ ಪೂರ್ತಿ ಥ್ರಾಟಲ್‌ನಲ್ಲಿ ಬೇಕಿರುವುದು 40 ಆಂಪ್. ಆದರೂ 20ಸಿ ಸಾಕು ಅಂತ ಕಡಿಮೆ ತರಬೇಡಿ. ಲೇಬಲ್ ಮೇಲಿನ ಸಿ ಬಹಳ ಸಲ ಉದಾರವಾಗಿರುತ್ತದೆ. ಅಂಗಡಿಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ತೂಗಿ ನೋಡುವುದು. 3ಎಸ್ 2200 ಅಂತ ಬರೆದ ಬ್ಯಾಟರಿ 130 ಗ್ರಾಂ ಮಾತ್ರ ತೂಗಿದರೆ ಒಳಗೆ ಅಷ್ಟು ಸಾಮರ್ಥ್ಯ ಇರುವುದು ಅನುಮಾನ.

6. ಹಾರಿಸಿದ ಮೇಲೆ ನೋಡಬೇಕಾದ್ದು

ಮೊದಲ ಸಲ ನೆಲದಿಂದ ಎರಡು ಮೀಟರ್ ಎತ್ತರದಲ್ಲಿ ಎರಡು ನಿಮಿಷ ನಿಲ್ಲಿಸಿ, ಇಳಿಸಿ. ಬ್ಯಾಟರಿ ಬಿಚ್ಚಿ ನಾಲ್ಕೂ ಮೋಟಾರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಐದು ಸೆಕೆಂಡ್ ಬೆರಳಿಡಲು ಆಗದಷ್ಟು ಬಿಸಿಯಿದ್ದರೆ ಪ್ರೊಪೆಲ್ಲರ್ ಆ ಮೋಟಾರಿಗೆ ಭಾರ. ಒಂದೇ ಮೋಟಾರ್ ಬಿಸಿಯಾಗಿ ಉಳಿದವು ತಣ್ಣಗಿದ್ದರೆ ಆರಿಸಿದ್ದು ತಪ್ಪಲ್ಲ. ಅದರ ಬೇರಿಂಗ್, ಬೆಸುಗೆ, ಇಲ್ಲವೇ ಓರೆಯಾಗಿ ಕೂತಿರುವ ತೋಳು ನೋಡಿ. ಅತಿಯಾದ ಬಿಸಿಗೆ ಮ್ಯಾಗ್ನೆಟ್ಟಿನ ಬಲ ಕುಗ್ಗುತ್ತದೆ, ತಣ್ಣಗಾದ ಮೇಲೂ ಅದು ಪೂರ್ತಿ ವಾಪಸ್ ಬರುವುದಿಲ್ಲ. ಆಮೇಲೆ ಪರವಾಗಿಲ್ಲ ಅಂತ ಮತ್ತೆ ಹಾರಿಸಬೇಡಿ.

ಫ್ಲೈಟ್ ಕಂಟ್ರೋಲರ್‌ನಲ್ಲಿ ಆರ್ಡುಪೈಲಟ್ ಅನ್ನುವ ಸಾಫ್ಟ್‌ವೇರ್ ಬಳಸುವವರಿಗೆ ಇನ್ನೊಂದು ಅನುಕೂಲವಿದೆ. ಸ್ವಲ್ಪ ಹೊತ್ತು ಆಲ್ಟಿಟ್ಯೂಡ್ ಹೋಲ್ಡ್‌ನಲ್ಲಿ ನಿಂತರೆ ಅದು ನಿಲ್ಲಲು ಬೇಕಾದ ಥ್ರಾಟಲ್ ಎಷ್ಟು ಅಂತ ತಾನೇ ಕಲಿತು `MOT_THST_HOVER` ಅನ್ನುವ ಪ್ಯಾರಾಮೀಟರ್‌ನಲ್ಲಿ ಇಟ್ಟುಕೊಳ್ಳುತ್ತದೆ. ನಮ್ಮ ಲೆಕ್ಕ ಸರಿಯಿದ್ದರೆ 2200 ಬ್ಯಾಟರಿಗೆ ಅಲ್ಲಿ 0.35 ಹತ್ತಿರ ಇರಬೇಕು, 250ನ್ನು 720ರಿಂದ ಭಾಗಿಸಿದರೆ ಬರುವುದು ಅದೇ. 5200ಕ್ಕೆ 0.41. 0.5 ದಾಟಿದ್ದರೆ ತೂಕ ಜಾಸ್ತಿಯಾಗಿದೆ, ಇಲ್ಲ ಪ್ರೊಪೆಲ್ಲರ್ ಸಾಲದು. 0.2ಕ್ಕಿಂತ ಕೆಳಗಿದ್ದರೆ ಬಲ ತೀರಾ ಹೆಚ್ಚು, ಇಳಿಸುವಾಗ ಕ್ವಾಡ್ ಕುಣಿಯುತ್ತದೆ.

ಬ್ಯಾಟರಿ ವೋಲ್ಟೇಜ್ ಮೇಲೂ ಕಣ್ಣಿರಲಿ. ಪೂರ್ತಿ ಚಾರ್ಜ್ ಆದ 3ಎಸ್ 12.6 ವೋಲ್ಟ್. ನೆಲ ಬಿಟ್ಟ ಕೂಡಲೇ 11 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಆ ಬ್ಯಾಟರಿಗೆ ಕರೆಂಟ್ ಕೊಡುವ ತಾಕತ್ತಿಲ್ಲ, ಲೇಬಲ್ ಮೇಲೆ ಎಷ್ಟೇ ಸಿ ಬರೆದಿರಲಿ. `BATT_LOW_VOLT` ಅನ್ನು 10.5ರಲ್ಲಿ ಇಡಿ, ಒಂದು ಸೆಲ್‌ಗೆ 3.5 ವೋಲ್ಟ್ ಲೆಕ್ಕ. ಎಚ್ಚರಿಕೆ ಬಂದ ಕೂಡಲೇ ಇಳಿಸಿ.

ಮನೆಗೆ ಬಂದು ಚಾರ್ಜ್ ಹಾಕಿದಾಗ ಚಾರ್ಜರ್ ಎಷ್ಟು ಎಂಎಎಚ್ ವಾಪಸ್ ತುಂಬಿತು ಅಂತ ತೋರಿಸುತ್ತದೆ. 6 ನಿಮಿಷ ನಿಂತು 1250 ತುಂಬಿಸಿದ್ದರೆ ನಿಮಿಷಕ್ಕೆ 208, ಅಂದರೆ 12.5 ಆಂಪ್. ತಕ್ಕಡಿಯಲ್ಲಿ ಬಂದ 12ಕ್ಕೆ ಇದು ಹೊಂದುತ್ತದೆ. 15 ಬಂದರೆ ಕ್ವಾಡನ್ನು ಪೂರ್ತಿಯಾಗಿ ತೂಗಿ ಹಾಳೆಯ ಜೊತೆ ತಾಳೆ ನೋಡಿ, ಪ್ರೊಪೆಲ್ಲರ್ ಅಂಚು ಸವೆದಿದೆಯಾ ನೋಡಿ. ಆಂಪ್ ಸರಿಯಿದ್ದೂ, 10.5 ವೋಲ್ಟ್‌ಗೆ ಇಳಿಸಿದ 2200 ಬ್ಯಾಟರಿ ಪ್ರತಿ ಸಲ 1300 ಮಾತ್ರ ತುಂಬಿಸಿಕೊಂಡರೆ ಅದರಲ್ಲಿ ಹೇಳಿದಷ್ಟು ಇಲ್ಲ. ಹಾರಾಟದ ಸಮಯವನ್ನು ಆ 1300ರ ಮೇಲೆ ಲೆಕ್ಕ ಹಾಕಿ, ರೇಡಿಯೋದ ಟೈಮರ್ ಅನ್ನು ಅದಕ್ಕೆ ತಕ್ಕಂತೆ ಇಡಿ.